ಸಹಾಯ ಬೇಕು: ಮೆನು ಫೋಟೋ ಕಳಿಸಿದ್ದಾರೆ, ಏನು ತರಿಸೋಕೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಿಂದ ಬಂದಿರುವ ಚಿಕ್ಕಪ್ಪ ಪಣಜಿಯ ಹೋಟೆಲೊಂದರ ಮೆನು ಫೋಟೋ ಕಳಿಸಿ, "ಏನ್ ಆರ್ಡರ್ ಮಾಡ್ಲಿ?" ಅಂತ ಕೇಳಿದ್ದಾರೆ. ಫೋಟೋ ಹಾಕಿದ್ದೀನಿ, ನೋಡಿ.

ಖಾರ, ಬಜೆಟ್ ಎಲ್ಲ ಆಮೇಲೆ ಅಂತ, ಯಾರಿಗೆ ಏನು ಆಗಿಬರಲ್ಲ ಅನ್ನೋದನ್ನೇ ಮೊದಲು ಕೇಳಿದೆ. ಚಿಕ್ಕಮ್ಮ ಸೀಗಡಿ ತಿಂದರೆ ಮೈಯೆಲ್ಲ ದದ್ದು ಏಳುತ್ತಂತೆ. ಹಂದಿಮಾಂಸ ಯಾರೂ ಮುಟ್ಟಲ್ಲ. ಹಾಗಾಗಿ ಸೊರ್ಪೊತೆಲ್, ಚೊರಿಸೊ ಎರಡೂ ಬೇಡ.

ಸೀಗಡಿ ವಿಷಯವೇ ಕಷ್ಟ. ಮೆನುವಿನಲ್ಲಿ ಬರೀ "ಫಿಶ್ ಥಾಲಿ" ಅಂತಿದೆ, ಆದರೆ ಅದರ ಜೊತೆ ಒಣ ಸೀಗಡಿ, ಕಾಯಿತುರಿ ಹಾಕಿದ ಕಿಸ್ಮೂರ್ ಬರೋದುಂಟು. ಬಲ್ಶಾಂವ್ ಮಸಾಲೆಗೂ ಕೆಲವರು ಒಣ ಸೀಗಡಿ ಅರೆದು ಹಾಕ್ತಾರೆ. ರವಾ ಫ್ರೈ ತರಿಸಿದರೆ, ಮೀನು ಸೀಗಡಿ ಎರಡನ್ನೂ ಒಂದೇ ಎಣ್ಣೆಯಲ್ಲಿ ಕರೀತಾರಾ ಅಂತ ಕೇಳಬೇಕು.

ಸದ್ಯಕ್ಕೆ ಚಿಕನ್ ಶಾಕುತಿ, ಅನ್ನ ಅಂದುಕೊಂಡಿದ್ದೀನಿ. ಖಾರ ತಿನ್ನದ ಮಗುವಿಗೆ ತೆಂಗಿನಹಾಲಿನ ಮೀನು ಕಾಲ್ದೀನ್, ಅದೂ ಸೀಗಡಿ ಇಲ್ಲ ಅಂತ ಅಡುಗೆಯವರನ್ನೇ ಕೇಳಿಕೊಂಡು.

ಈ ಪಟ್ಟಿಯಲ್ಲಿ ಒಣ ಸೀಗಡಿ ಬೀಳುವ ಬೇರೆ ಐಟಂ ಯಾವುದಾದರೂ ಇದೆಯಾ? ಆರ್ಡರ್ ಮಾಡೋ ಮುಂಚೆ ನೀವು ಇನ್ನೇನು ಕೇಳ್ತಿದ್ರಿ? ಅವರು ಹೋಟೆಲಲ್ಲೇ ಕೂತಿದ್ದಾರೆ, ಬೇಗ ತಿಳಿಸಿ.