543 ಕಳೆದರೆ ಸಾಕಾ? ನಮ್ಮ ಮನೆ ಗುಂಪಿನಲ್ಲಿ ನಡೆದ ಚರ್ಚೆ

ರಘು: ಎಲ್ಲರೂ ಈ ಕಾರ್ಡ್ ನೋಡಿ. "ಬೌದ್ಧ ವರ್ಷದಿಂದ 543 ಕಳೆದರೆ ನಮ್ಮ ಇಸವಿ ಸಿಗುತ್ತದೆ. ಎಲ್ಲ ಬೌದ್ಧ ದೇಶಗಳಲ್ಲೂ ಇದೇ ಲೆಕ್ಕ."

ಸಂಧ್ಯಾ: ರಘು ಅಣ್ಣ, ಬ್ಯಾಂಕಾಕಿನಲ್ಲಿ ನನಗೆ ದಿನಾ ಇದೇ ಲೆಕ್ಕ. 2568 ಅಂದರೆ 2025. ಆದರೆ ಎಲ್ಲ ದೇಶಕ್ಕೂ, ಎಲ್ಲ ಕಾಲಕ್ಕೂ ಇದು ಹೊಂದುವುದಿಲ್ಲ.

ರಘು: ಕಳೆಯುವ ಲೆಕ್ಕದಲ್ಲಿ ಏನು ತಪ್ಪಾಗುತ್ತೆ?

ಸಂಧ್ಯಾ: ರಾಜ ಪ್ರಜಾಧಿಪೋಕ್ ಸಿಂಹಾಸನ ಬಿಟ್ಟ ದಿನ ಥಾಯ್ ದಾಖಲೆಯಲ್ಲಿ 2477ರ ಮಾರ್ಚ್ 2 ಅಂತಿದೆ. ನೀನೇ ಕಳೆದು ನೋಡು.

ರಘು: 1934.

ಸಂಧ್ಯಾ: ನಿಜವಾಗಿ ಅದು 1935. ಆಗ ಅಲ್ಲಿ ಹೊಸ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತಿತ್ತು. 1934ರ ಏಪ್ರಿಲ್‌ನಲ್ಲಿ ಶುರುವಾದ 2477, ಮುಂದಿನ ಮಾರ್ಚ್ ಕೊನೆವರೆಗೂ ನಡೆಯಿತು. ಹಾಗಾಗಿ ಜನವರಿಯಿಂದ ಮಾರ್ಚ್‌ವರೆಗಿನ ಹಳೆ ತಾರೀಖಿಗೆ 542 ಕಳೆಯಬೇಕು. ಉಳಿದ ತಿಂಗಳಿಗೆ 543 ಸರಿ.

ಚಿಕ್ಕಪ್ಪ: ಹಾಗಾದರೆ ಜನವರಿ 1 ಯಾವಾಗ ಬಂತಮ್ಮ?

ಸಂಧ್ಯಾ: 1941ರಲ್ಲಿ, ಚಿಕ್ಕಪ್ಪ. ಅದಕ್ಕೋಸ್ಕರ 2483ನ್ನು ಡಿಸೆಂಬರ್‌ಗೇ ಮುಗಿಸಿದರು. ಆ ವರ್ಷಕ್ಕೆ ಒಂಬತ್ತೇ ತಿಂಗಳು. ಥಾಯ್ ಸರ್ಕಾರಿ ಕಾಗದದಲ್ಲಿ 2483ರ ಫೆಬ್ರವರಿ ಅಂತ ಕಂಡರೆ ಎಲ್ಲೋ ತಪ್ಪಾಗಿದೆ ಅಂತಲೇ ಅರ್ಥ. ಆ ತಿಂಗಳು ಬರಲೇ ಇಲ್ಲ.

ರಘು: ಸರಿ, ಅದು ಹಳೇ ಕಥೆ. ಈಗಿನ ಮಟ್ಟಿಗೆ ಕಾರ್ಡ್ ಸರಿ ಇದೆ ಅಲ್ವಾ?

ಚಿಕ್ಕಪ್ಪ: ಇಲ್ಲ ರಘು. ಬುದ್ಧ ತೀರಿಕೊಂಡು 2500 ವರ್ಷ ಅಂತ ನಮ್ಮ ದೇಶದಲ್ಲೂ ಶ್ರೀಲಂಕಾದಲ್ಲೂ ಉತ್ಸವ ಮಾಡಿದ್ದು 1956ರಲ್ಲಿ. ಥಾಯ್ಲೆಂಡ್ ಅದೇ 2500ರ ಉತ್ಸವ ಮಾಡಿದ್ದು 1957ರ ಮೇ ತಿಂಗಳಲ್ಲಿ. ಇದಕ್ಕೇನು ಹೇಳ್ತೀಯಾ?

ಸೀತತ್ತೆ: ಒಬ್ಬರೇ ಬುದ್ಧ, ಒಂದು ವರ್ಷ ಹೆಚ್ಚು ಕಮ್ಮಿ ಹೇಗಾಯಿತು?

ಸಂಧ್ಯಾ: ಮಗುವಿನ ವಯಸ್ಸು ಹೇಳುವ ಹಾಗೆ ಅತ್ತೆ. ಹುಟ್ಟಿದ ಕೂಡಲೇ "ಒಂದನೇ ವರ್ಷ ನಡೀತಿದೆ" ಅನ್ನಬಹುದು. ಇಲ್ಲವೇ ವರ್ಷ ತುಂಬುವವರೆಗೆ ಕಾಯಬಹುದು. ಶ್ರೀಲಂಕಾ, ಮ್ಯಾನ್ಮಾರ್, ಕಾಂಬೋಡಿಯಾ ಮೊದಲನೇ ರೀತಿ ಎಣಿಸುತ್ತವೆ. ಥಾಯ್ಲೆಂಡ್ ಎರಡನೇ ರೀತಿ.

ರಘು: ಅಂದ್ರೆ ಅಲ್ಲೆಲ್ಲ 544 ಕಳೆಯಬೇಕು.

ಸಂಧ್ಯಾ: ವರ್ಷಪೂರ್ತಿ ಅಲ್ಲ ಅಣ್ಣ! ಕಾಂಬೋಡಿಯಾದಲ್ಲಿ ಬೌದ್ಧ ವರ್ಷ ಬದಲಾಗುವುದು ವೈಶಾಖ ಹುಣ್ಣಿಮೆ ಹೊತ್ತಿಗೆ. ಅದಕ್ಕೆ ಮುಂಚೆ 543, ಆಮೇಲೆ 544. 2025ರ ಫೆಬ್ರವರಿಯಲ್ಲಿ ಬ್ಯಾಂಕಾಕಿನಲ್ಲೂ ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನಲ್ಲೂ 2568. ಜೂನ್ ಹೊತ್ತಿಗೆ ನಾಮ್ ಪೆನ್‌ನಲ್ಲಿ 2569 ಆಗಿತ್ತು, ಬ್ಯಾಂಕಾಕಿನಲ್ಲಿ ಇನ್ನೂ 2568. ಹಾಗಾಗಿ ವರ್ಷ ಒಂದೇ ಇದ್ದರೆ ಸಾಲದು. ದೇಶ ಯಾವುದು, ತಿಂಗಳು ಯಾವುದು ಅಂತಲೂ ಕೇಳಬೇಕು.

ರಘು: ಈ ಕಾರ್ಡ್ ತೆಗೀತೀನಿ. "ಥಾಯ್ಲೆಂಡಿಗೆ ಮಾತ್ರ, 1941ರಿಂದ ಈಚೆಗೆ" ಅಂತ ಸೇರಿಸಿ ಮತ್ತೆ ಹಾಕ್ತೀನಿ.

ಚಿಕ್ಕಪ್ಪ: ಹಳೆ ಮಾರ್ಚ್ ಲೆಕ್ಕಾನೂ ಬರಿ. ಜನ ಜಾಸ್ತಿ ಎಡವುವುದು ಅಲ್ಲೇ.