ಒಂದು ಪುಟದ ಮೀಡಿಯಾ ಕಿಟ್‌ನಲ್ಲಿ ಯಾವ ಅಂಕಿ ಹಾಕಬೇಕು?

ಪ್ರಶ್ನೆ (ಡೊಂಬಿವಲಿ): ಮುಂಬೈಯ ಉಡುಪಿ ಹೋಟೆಲುಗಳ ಬಗ್ಗೆ ಕನ್ನಡದಲ್ಲಿ ರೀಲ್ಸ್ ಮಾಡ್ತೇನೆ, 14,200 ಫಾಲೋವರ್ಸ್ ಇದ್ದಾರೆ. ಮಸಾಲೆಪುಡಿ ಕಂಪನಿಯೊಂದಕ್ಕೆ ಕಳಿಸಲು ಮೀಡಿಯಾ ಕಿಟ್, ಅಂದರೆ ನನ್ನ ಪೇಜ್‌ನ ಪರಿಚಯ, ಅಂಕಿ, ರೇಟ್ ಇರುವ ಪುಟ ಬೇಕು. ಒಂದು ರೀಲ್‌ಗೆ 61,000 ವ್ಯೂಸ್ ಬಂದಿದೆ, ಅದನ್ನೇ ದೊಡ್ಡದಾಗಿ ಹಾಕಲಾ? ರೇಟ್ ಎಷ್ಟು ಬರೆಯಲಿ?

ಪುಣೆಯಿಂದ: ಒಂದನ್ನೇ ಹಾಕಬೇಡಿ ಅಕ್ಕ. ಕೊನೆಯ ಹತ್ತು ರೀಲ್‌ಗಳ ಸರಾಸರಿ ಹಾಕಿ, ಪ್ರಾಮಾಣಿಕವಾಗಿರುತ್ತೆ.

ಡೊಂಬಿವಲಿ: 3200, 2800, 4100, 61000, 2500, 3600, 3900, 2900, 3300, 4400. ಸರಾಸರಿ 9,170 ಬಂತು!

ಮಾಟುಂಗಾದಿಂದ (ಬ್ರ್ಯಾಂಡ್‌ಗಳಿಗೆ ಕ್ರಿಯೇಟರ್‌ಗಳನ್ನು ಹುಡುಕಿಕೊಡುವ ಕೆಲಸ): ಪುಣೆಯವರು ಹೇಳಿದ ಹತ್ತು ರೀಲ್ ಸರಿ, ಸರಾಸರಿ ಮಾತ್ರ ಬೇಡ. ಆ 9,170 ನಿಮ್ಮ ಯಾವ ರೀಲ್‌ಗೂ ಹತ್ತಿರ ಇಲ್ಲ ನೋಡಿ, ಒಂದೇ ರೀಲ್ ಎಲ್ಲವನ್ನೂ ಮೇಲಕ್ಕೆ ಎಳೆದಿದೆ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ನಡುವೆ 3300 ಮತ್ತು 3600 ಸಿಗುತ್ತವೆ, ಅವೆರಡರ ಮಧ್ಯ 3,450. ಹಾಗಾಗಿ "ಸಾಮಾನ್ಯವಾಗಿ 3,450 ವ್ಯೂಸ್, ಕೊನೆಯ ಹತ್ತು ರೀಲ್" ಅಂತ ತಾರೀಕಿನ ಸಮೇತ ಬರೆಯಿರಿ. ಕಿಟ್‌ನಲ್ಲಿ ಒಂಬತ್ತು ಸಾವಿರ ಹೇಳಿ ಅವರ ರೀಲ್‌ಗೆ ಮೂರು ಸಾವಿರ ಬಂದರೆ ಎರಡನೇ ಸಲ ಯಾರೂ ಕರೆಯೋದಿಲ್ಲ. 61,000ದ ರೀಲನ್ನು ಕೆಲಸದ ಮಾದರಿಯಾಗಿ ತೋರಿಸಿ.

ಅದಕ್ಕಿಂತ ಮುಖ್ಯ ಊರು. ಇನ್‌ಸೈಟ್ಸ್‌ನಲ್ಲಿ ನೋಡುಗರ ಊರು ಸಿಗುತ್ತಲ್ಲ, ಅದೆಷ್ಟು?

ಡೊಂಬಿವಲಿ: ಮುಂಬೈ 38%, ಬೆಂಗಳೂರು 17%, ಮಂಗಳೂರು 9%.

ಮಾಟುಂಗಾ: ಈ 38% ಅನ್ನೇ ಮೇಲೆ ಬರೆಯಿರಿ. ಪುಡಿ ಮುಂಬೈ ಅಂಗಡಿಗಳಲ್ಲಿ ಸಿಗುವುದಾದರೆ ಕಂಪನಿಗೆ ಬೇಕಾದ ಜನ ಅವರೇ. ಮಾರಾಟ ಕರ್ನಾಟಕದಲ್ಲಿ ಮಾತ್ರ ಇದ್ದರೆ ಬೆಂಗಳೂರು, ಮಂಗಳೂರನ್ನು ಮುಂದೆ ತನ್ನಿ. ಮಾದರಿಗೆ ಮೂರು ರೀಲ್ ಸಾಕು, ಒಂದರಲ್ಲಾದರೂ ಅಡುಗೆಯ ಕೈಕೆಲಸ ಕಾಣಬೇಕು. ದುಡ್ಡು ತಗೊಳ್ಳದೆ ಮಾಡಿದ್ದನ್ನು ಬ್ರ್ಯಾಂಡ್ ಕೆಲಸ ಅಂತ ತೋರಿಸಬೇಡಿ.

ಮಡಗಾಂವ್‌ನಿಂದ: ನನ್ನ ಕಥೆ ಕೇಳಿ. ರೆಸಾರ್ಟ್ ಒಂದಕ್ಕೆ 4,000ಕ್ಕೆ ವಿಡಿಯೋ ಮಾಡಿಕೊಟ್ಟೆ. ಅದನ್ನೇ ಅವರು ಆರು ತಿಂಗಳು ತಮ್ಮ ಜಾಹೀರಾತಾಗಿ ಓಡಿಸಿದರು. ಕೇಳಿದರೆ, ವಿಡಿಯೋ ಕೊಂಡುಕೊಂಡಿದ್ದೇವಲ್ಲ ಅಂದರು. ನನ್ನ ಹತ್ತಿರ ಬರಹದಲ್ಲಿ ಏನೂ ಇರಲಿಲ್ಲ.

ಮಾಟುಂಗಾ: ರೇಟ್ ಎರಡು ಸಾಲಾಗಬೇಕಾದ್ದು ಇದಕ್ಕೇ. ಮೊದಲ ಸಾಲು ನಿಮ್ಮ ಪೇಜ್‌ನಲ್ಲಿ ಹಾಕುವ ರೀಲ್‌ಗೆ. ಎರಡನೆಯದು ಅವರು ಅದನ್ನು ಜಾಹೀರಾತಾಗಿ ಓಡಿಸಿದರೆ, ಮೂವತ್ತು ದಿನಕ್ಕೆ ಇಷ್ಟು ಹೆಚ್ಚು ಅಂತ. ಮೊದಲ ಸಾಲಿಗೆ ನಿಮ್ಮ ಶ್ರಮದಿಂದ ಲೆಕ್ಕ ಶುರು ಮಾಡಿ: ಶೂಟ್, ಎಡಿಟ್, ಓಡಾಟ. 5,000 ಅಂದುಕೊಂಡರೆ 3,450ರಿಂದ ಭಾಗಿಸಿ ನೋಡಿ, ಒಂದು ವ್ಯೂಗೆ ಸುಮಾರು ಒಂದೂವರೆ ರೂಪಾಯಿ. ಕಂಪನಿಯವರೂ ಇದೇ ಲೆಕ್ಕ ಹಾಕ್ತಾರೆ. ಅವರಿಗೆ ಜಾಸ್ತಿ ಅನ್ನಿಸಿದರೆ ರೇಟ್ ಇಳಿಸಬೇಡಿ, ಎರಡು ಸ್ಟೋರಿ ಸೇರಿಸಿ ಕೊಡಿ.

ಪುಣೆ: ರೇಟ್ ಬರೆದೇ ಬಿಟ್ಟರೆ ಹೆಚ್ಚು ಕೊಡುವವರೂ ಅಷ್ಟೇ ಕೊಡ್ತಾರಲ್ಲ? ನಾನಂತೂ ಬರೆಯೋದಿಲ್ಲ.

ಮಾಟುಂಗಾ: ಅದೂ ನಿಜ. ಆದರೆ ಚಿಕ್ಕ ಕಂಪನಿಯವರು ರೇಟ್ ಕಾಣದಿದ್ದರೆ ಕೇಳುವ ಗೋಜಿಗೇ ಹೋಗೋದಿಲ್ಲ. "5,000ದಿಂದ" ಅಂತ ಬರೆಯೋದನ್ನೇ ನಾನು ಒಪ್ಪೋದು.

ಡೊಂಬಿವಲಿ: ಜಾಹೀರಾತಿನ ಸಾಲು ಇವತ್ತೇ ಸೇರಿಸ್ತೇನೆ. ಪುಡಿ ಮುಂಬೈಯಲ್ಲಿ ಸಿಗುತ್ತಾ ಅಂತ ಮೊದಲು ನಮ್ಮ ಕೆಳಗಿನ ಕಿರಾಣಿ ಅಂಗಡೀಲಿ ಕೇಳಿ ಬರ್ತೇನೆ.