ಪದ ಬೇಕು: ನಗದು ಹರಿವಿನ ಪಟ್ಟಿಯ ಮೂರು ತಲೆಬರಹಗಳಿಗೆ

ಸುಮಾ:
ಎಲ್ಲರಿಗೂ ನಮಸ್ಕಾರ. ಲೆಕ್ಕಪತ್ರದ ಗಂಧವೇ ಇಲ್ಲದವರಿಗಾಗಿ ಒಂದು ಕೈಪಿಡಿ ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ವರ್ಷದಲ್ಲಿ ಕಂಪನಿಗೆ ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ತೋರಿಸುವ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟಿಗೆ "ನಗದು ಹರಿವಿನ ಪಟ್ಟಿ" ಎಂದು ಹಾಕಿದ್ದೇನೆ. ಒಳಗಿನ ಮೂರು ಭಾಗ ಆಪರೇಟಿಂಗ್, ಇನ್ವೆಸ್ಟಿಂಗ್, ಫೈನಾನ್ಸಿಂಗ್. ಇವಕ್ಕೆ ಸದ್ಯಕ್ಕೆ ಕಾರ್ಯಾಚರಣೆ, ಹೂಡಿಕೆ, ಹಣಕಾಸು ಎಂದಿದೆ.

ಕರಡು ಓದಿದ ಗೆಳತಿ, ಮಾಲೀಕರು ಹೊಸದಾಗಿ ತಂದ ಬಂಡವಾಳವನ್ನು "ಹೂಡಿಕೆ"ಯ ಕೆಳಗೆ ಬರೆದಳು. ಅದು ಹೋಗಬೇಕಾದ್ದು ಮೂರನೆಯದರಲ್ಲಿ. ಆದರೆ ಕಂಪನಿಗೆ ಹಣ ಹಾಕುವವರನ್ನೇ ನಾವು ಹೂಡಿಕೆದಾರರು ಅನ್ನುತ್ತೇವೆ ಅಲ್ವಾ? ದಾರಿ ತಪ್ಪಿಸದ ಮೂರು ಪದ ಬೇಕು.

ಕೇಶವ:
ಮೊದಲು "ನಗದು" ತೆಗೆಯಿರಿ. ಅರಬ್ಬಿಯದು. "ಕೈಹಣ" ಅನ್ನಿ. "ಕಾರ್ಯಾಚರಣೆ" ಪೊಲೀಸರಿಗೂ ಸೈನ್ಯಕ್ಕೂ ಇರಲಿ. "ಹೂಡಿಕೆ" ಮಾತ್ರ ಅಪ್ಪಟ ನಮ್ಮದು, ಮುಟ್ಟಬೇಡಿ. ನೇಗಿಲು ಹೂಡುತ್ತೇವೆ, ಬಾಣ ಹೂಡುತ್ತೇವೆ, ಒಲೆ ಹೂಡುತ್ತೇವೆ. ಮುಂದೆ ಆಗಬೇಕಾದ ಕೆಲಸಕ್ಕೆ ಈಗ ಅಣಿ ಮಾಡುವುದೇ ಹೂಡುವುದು. ಪದ ಸರಿಯಾಗಿದೆ, ಓದಿದವರು ಸರಿಯಾಗಿ ಓದಿಲ್ಲ.

ಜೋಸೆಫ್:
ಅಷ್ಟು ಕಷ್ಟ ಯಾಕೆ? ಒಂದನೆಯದು ಗಳಿಕೆ, ಎರಡನೆಯದು ಖರೀದಿ, ಮೂರನೆಯದು ಸಾಲ. ಅಸಲಾಗಲಿ ಬಡ್ಡಿಯಾಗಲಿ, ಸಾಲದ ವಾಸನೆ ಇರುವುದೆಲ್ಲ ಮೂರನೆಯದಕ್ಕೆ. ಮುಗೀತು.

ವಿಮಲಾ:
ಜೋಸೆಫ್ ಅವರೇ, ಅಸಲಿನ ಮಾತು ಸರಿ. ಬಡ್ಡಿ ಅಷ್ಟು ಸುಲಭ ಅಲ್ಲ, ಕೊನೆಯಲ್ಲಿ ಹೇಳುತ್ತೇನೆ.

ಸುಮಾ, ಪದ ಆರಿಸುವ ಮುಂಚೆ ಒಂದೇ ಯಂತ್ರದ ಕಥೆ ನೋಡಿ. ಒಂದು ಮುದ್ರಣ ಘಟಕ ಇದೆ ಅಂದುಕೊಳ್ಳಿ. ವರ್ಷದ ಲಾಭ 100. ಆ ಲಾಭ ಬರುವ ಮುಂಚೆ ಯಂತ್ರಗಳ ಸವಕಳಿ ಅಂತ 40 ಕಳೆದಿದ್ದಾರೆ. ಸವಕಳಿಗೆ ಈ ವರ್ಷ ಯಾರ ಕೈಗೂ ದುಡ್ಡು ಕೊಟ್ಟಿಲ್ಲ, ಹಾಗಾಗಿ ಅದನ್ನು ವಾಪಸ್ ಕೂಡಿಸಬೇಕು. ಇನ್ನೊಂದು ಕಡೆ, ಗಿರಾಕಿಗಳಿಂದ ಬರಬೇಕಾದ ಬಾಕಿ 60 ಜಾಸ್ತಿ ಆಗಿದೆ. ಮಾರಾಟ ಲಾಭಕ್ಕೆ ಸೇರಿದೆ, ದುಡ್ಡು ಬಂದಿಲ್ಲ. ಅದನ್ನು ಕಳೆಯಬೇಕು. ಉಳಿದದ್ದು 80. ಇದು ಮೊದಲ ಭಾಗ. ಮಾಡುವ ಕಸುಬಿನಿಂದಲೇ ಕೈಗೆ ಬಂದದ್ದು.

ಅದೇ ವರ್ಷ 300 ಕೊಟ್ಟು ಹೊಸ ಯಂತ್ರ ತಂದರು. ಹಳೆಯದನ್ನು ಲೆಕ್ಕದ ಪುಸ್ತಕದಲ್ಲಿದ್ದ ಬೆಲೆಗೇ, 20ಕ್ಕೆ ಮಾರಿದರು. ಎರಡನೆಯ ಭಾಗ ಮೈನಸ್ 280. ಯಂತ್ರಕ್ಕೆಂದು 250 ಸಾಲ ಎತ್ತಿದ್ದರು, ಅಸಲಿನಲ್ಲಿ 30 ತೀರಿಸಿದರು, ಮಾಲೀಕರಿಗೆ ಲಾಭದ ಪಾಲು 10 ಕೊಟ್ಟರು. ಮೂರನೆಯ ಭಾಗ 210. ಮೂರನ್ನೂ ಕೂಡಿಸಿದರೆ 10. ವರ್ಷದ ಮೊದಲ ದಿನದ ಶಿಲ್ಕು 15 ಇತ್ತು, ಕೊನೆಯ ದಿನ 25. ಈ 25 ಬ್ಯಾಂಕಿನಲ್ಲೂ ಗಲ್ಲಾಪೆಟ್ಟಿಗೆಯಲ್ಲೂ ನಿಜವಾಗಿ ಇರಬೇಕು. ಇಲ್ಲದಿದ್ದರೆ ಎಲ್ಲೋ ಒಂದು ಸಾಲು ಬಿಟ್ಟುಹೋಗಿದೆ ಅಥವಾ ತಪ್ಪಾಗಿದೆ.

ಗಮನಿಸಿ, ಸಾಲ ತಂದದ್ದೂ ಯಂತ್ರ ಕೊಂಡದ್ದೂ ಒಂದೇ ಉದ್ದೇಶಕ್ಕೆ. ಆದರೂ ಬೇರೆ ಬೇರೆ ಭಾಗ. ದುಡ್ಡು ಯಾರಿಂದ ಬಂತು ಅನ್ನುವುದು ಮೂರನೆಯದರ ಪ್ರಶ್ನೆ. ಬಹಳ ವರ್ಷ ಬಾಳುವ ಯಾವುದಕ್ಕೆ ಹಾಕಿದರು ಅನ್ನುವುದು ಎರಡನೆಯದರದು. ನಿಮ್ಮ ಗೆಳತಿ ಎಡವಿದ್ದು ಇಲ್ಲೇ. "ಹೂಡಿಕೆ" ಅಂದಾಗ ಯಾರು ಹೂಡುವುದು ಅಂತ ಗೊತ್ತಾಗಬೇಕು. ಇಲ್ಲಿ ಹೂಡುವುದು ಕಂಪನಿಯೇ, ಅದರ ಮಾಲೀಕರಲ್ಲ.

ಮಂಜುಳಾ:
ನನ್ನದೊಂದು ಪ್ರಶ್ನೆ. ನಾನು ಹೋದ ವರ್ಷ ಒಂದು ಕಂಪನಿಯ ಷೇರು ಕೊಂಡೆ. ಅವರ ಪಟ್ಟಿಯಲ್ಲಿ ಹೂಡಿಕೆಯ ಕೆಳಗೆ ದೊಡ್ಡ ಮೈನಸ್ ಇದೆ. ನನ್ನ ದುಡ್ಡು ನಷ್ಟ ಆಯ್ತು ಅಂತಲಾ? ಮಾರಿಬಿಡಲಾ?

ವಿಮಲಾ:
ಮಾರಬೇಕೋ ಬೇಡವೋ ಅನ್ನುವುದು ಬೇರೆ ಮಾತು ಮಂಜುಳಾ, ಆದರೆ ಆ ಮೈನಸ್ ನಷ್ಟ ಅಲ್ಲ. ಅಷ್ಟು ದುಡ್ಡು ಹೊರಗೆ ಹೋಗಿ ಯಂತ್ರವೋ ಕಟ್ಟಡವೋ ಒಳಗೆ ಬಂತು ಅಂತ. ಬೆಳೆಯುವ ಕಂಪನಿಯಲ್ಲಿ ಅದು ಮಾಮೂಲಿ. ಪ್ಲಸ್ ಇದ್ದರೇ ಯಾಕೆ ಅಂತ ಕೇಳಬೇಕು, ಆಸ್ತಿ ಮಾರಿ ದಿನ ದೂಡುತ್ತಿರಬಹುದು. ಮತ್ತೆ, ನೀವು ಷೇರುಪೇಟೆಯಲ್ಲಿ ಇನ್ನೊಬ್ಬರಿಂದ ಕೊಂಡಿದ್ದರೆ ನಿಮ್ಮ ದುಡ್ಡು ಆ ಪಟ್ಟಿಯಲ್ಲೇ ಇಲ್ಲ. ಅದು ಮಾರಿದವರಿಗೆ ಹೋಯಿತು. ಕಂಪನಿಯೇ ಹೊಸ ಷೇರು ಕೊಟ್ಟು ಹಣ ಪಡೆದಾಗ ಮಾತ್ರ ಮೂರನೆಯ ಭಾಗಕ್ಕೆ ಬರುತ್ತದೆ.

ಕೇಶವ:
ವಿಷಯಾಂತರ. ಷೇರಿನ ಸಲಹೆಗೆ ಬೇರೆ ಕಡೆ ಇದೆ.

ಸುಮಾ:
ಕೇಶವ ಸರ್, ವಿಷಯಾಂತರ ಅಲ್ಲ. ನನ್ನ ಓದುಗರೂ ಆ ಪದವನ್ನು ಹೀಗೇ ಓದುತ್ತಾರೆ. ಈಗ ನನಗೆ ತೋಚಿದ್ದು: "ದಿನದ ವ್ಯವಹಾರ", "ಆಸ್ತಿ ಕೊಂಡದ್ದು, ಮಾರಿದ್ದು", "ಸಾಲ ಮತ್ತು ಮಾಲೀಕರ ಹಣ". ನಡೆಯುತ್ತದಾ?

ಕೇಶವ:
ಇವು ಪದಗಳಲ್ಲ, ವಿವರಣೆಗಳು. ತಲೆಬರಹ ಒಂದೇ ಪದ ಇರಬೇಕು. "ವ್ಯವಹಾರ"ವೂ ಸಂಸ್ಕೃತ.

ಜೋಸೆಫ್:
ಸರ್, ಬಾಕಿ, ಜಮಾ, ಖರ್ಚು ಎಲ್ಲವೂ ಹೊರಗಿಂದ ಬಂದವು. ಲೆಕ್ಕ ಬರೆಯುವವರು ಅದರಲ್ಲೇ ಬರೆದರು, ಯಾರಿಗೂ ತೊಂದರೆ ಆಗಲಿಲ್ಲ. "ಕೈಹಣ" ಅಂದರೆ ಜೇಬಿನ ಚಿಲ್ಲರೆ ಅಂದುಕೊಳ್ಳುತ್ತಾರೆ. ಇಲ್ಲಿ ಬ್ಯಾಂಕಿನ ಖಾತೆಯೂ ಸೇರಿದೆ.

ಕೇಶವ:
ತೊಂದರೆ ಆಗಲಿಲ್ಲ ಅನ್ನುವುದು ವಾದವಲ್ಲ. ನಮ್ಮಲ್ಲಿದ್ದ ಮಾತುಗಳು ಬಳಸದೆ ಸತ್ತವು. "ಹಣ"ಕ್ಕೆ ಹಳಗನ್ನಡದಲ್ಲಿ "ಪಣ" ಇತ್ತು.

ಜೋಸೆಫ್:
"ಪಣ" ಸಂಸ್ಕೃತದಲ್ಲೂ ಇದೆ. ಈಗ ಅದನ್ನೂ ಬಿಡೋಣವಾ?

ವಿಮಲಾ:
ಇಬ್ಬರೂ ಸ್ವಲ್ಪ ನಿಲ್ಲಿ, ಸುಮಾಗೆ ನಾಳೆ ಬೇಕು. ಮೂರನೆಯದು ಚೆನ್ನಾಗಿದೆ. ಎರಡನೆಯದರಲ್ಲಿ ಅನುಮಾನ. "ಆಸ್ತಿ" ಅಂದರೆ ಜನ ಹೊಲ, ಮನೆ ಅಂದುಕೊಳ್ಳುತ್ತಾರೆ. ಕಂಪನಿ ಬೇರೆ ಕಂಪನಿಯ ಷೇರು ಕೊಂಡರೂ ಅದು ಸಾಮಾನ್ಯವಾಗಿ ಅಲ್ಲೇ ಬರುತ್ತದೆ.

ಮೊದಲ ಎರಡು ಭಾಗಗಳ ಗೆರೆ ಅಳಿಸಿದರೆ ಎಷ್ಟು ಕೆಡುತ್ತದೆ ಅನ್ನುವುದಕ್ಕೆ ಉದಾಹರಣೆಯಾಗಿ ಅಮೆರಿಕದ ದೂರವಾಣಿ ಕಂಪನಿ ವರ್ಲ್ಡ್‌ಕಾಮ್ ಇದೆ. ಬೇರೆ ದೂರವಾಣಿ ಕಂಪನಿಗಳ ತಂತಿ ಬಳಸಿದ್ದಕ್ಕೆ ಕೊಡುವ ಶುಲ್ಕ ದಿನದ ಖರ್ಚು. ಅವರು ಅದನ್ನು ಆಸ್ತಿ ಕೊಂಡಂತೆ ಬರೆದರು. 2002ರಲ್ಲಿ ಹೊರಬಿದ್ದಾಗ ಮೊದಲು ತಿಳಿದ ಮೊತ್ತವೇ 380 ಕೋಟಿ ಡಾಲರಿಗೂ ಜಾಸ್ತಿ. ಹಾಗೆ ಬರೆದಾಗ ಕೊನೆಯ ಶಿಲ್ಕು ಒಂದು ಪೈಸೆಯೂ ಬದಲಾಗುವುದಿಲ್ಲ. ಮೊದಲ ಭಾಗ ಚೆಂದ ಕಾಣುತ್ತದೆ, ಲಾಭ ಉಬ್ಬುತ್ತದೆ, ಅಷ್ಟೇ. ಅದಕ್ಕೇ ಒಟ್ಟು ಮೊತ್ತ ಮಾತ್ರ ನೋಡುವವರಿಗೆ ಇದು ಸಿಕ್ಕಿಬೀಳುವುದಿಲ್ಲ. ಎರಡನೆಯ ಭಾಗದ ಮೈನಸ್ ಬೆಳೆಯುತ್ತಲೇ ಇದ್ದು, ಹೊಸದಾಗಿ ಕೊಂಡದ್ದು ಏನು ಅಂತ ತೋರಿಸಲು ಆಗದಿದ್ದರೆ ಅನುಮಾನ ಪಡಬೇಕು.

ಈಗ ಬಡ್ಡಿ. ನಮ್ಮ ಘಟಕ 25 ಬಡ್ಡಿ ಕಟ್ಟಿದೆ, ಅದು 100ರ ಲಾಭ ಬರುವ ಮುಂಚೆಯೇ ಕಳೆದುಹೋಗಿದೆ. ಹಾಗೇ ಬಿಟ್ಟರೆ ಮೊದಲ ಭಾಗದಲ್ಲಿ ಇದ್ದಂತೆ. ಮೂರನೆಯದಕ್ಕೆ ಸಾಗಿಸಿದರೆ ಮೊದಲನೆಯದು 105, ಮೂರನೆಯದು 185 ಆಗುತ್ತದೆ. ಒಟ್ಟು ಅದೇ 10. ಅಮೆರಿಕದ ನಿಯಮ ಮೊದಲನೆಯದರಲ್ಲಿ ಇಡು ಅನ್ನುತ್ತದೆ. ಅಂತರರಾಷ್ಟ್ರೀಯ ನಿಯಮ ಐಎಎಸ್ 7 ಎರಡಕ್ಕೂ ಬಿಟ್ಟಿತ್ತು. 2027ರ ಜನವರಿ 1ರಿಂದ ಶುರುವಾಗುವ ವರ್ಷಗಳಿಗೆ ಹೆಚ್ಚಿನ ಕಂಪನಿಗಳು ಮೂರನೆಯದರಲ್ಲೇ ಇಡಬೇಕು. ಬ್ಯಾಂಕಿನಂಥವಕ್ಕೆ ಬೇರೆ ಲೆಕ್ಕ, ಸಾಲವೇ ಅವರ ಕಸುಬು.

ಜೋಸೆಫ್:
ಹಾಗಾದರೆ ನಾನು ಹೇಳಿದ್ದೇ ಸರಿ ಆಗುತ್ತದೆ.

ವಿಮಲಾ:
2027ರಿಂದ, ಆ ನಿಯಮ ಪಾಲಿಸುವವರಿಗೆ.

ಸುಮಾ:
ಧನ್ಯವಾದ. ನಗದು ಹಾಗೇ ಇರುತ್ತದೆ. ಮೊದಲನೆಯದು "ದಿನದ ವ್ಯವಹಾರ", ಮೂರನೆಯದು "ಸಾಲ ಮತ್ತು ಮಾಲೀಕರ ಹಣ". ಎರಡನೆಯದಕ್ಕೆ "ಕಂಪನಿ ಮಾಡಿದ ಹೂಡಿಕೆ" ಅಂತ ಹಾಕಲಾ? ಮಾರಿದಾಗ ಬಂದ 20 ಅದರಲ್ಲಿ ಹೊಂದುತ್ತಿಲ್ಲ. ನಾಳೆ ಮಧ್ಯಾಹ್ನದೊಳಗೆ ಯಾರಾದರೂ ಹೇಳಿ.

ಕೇಶವ:
"ಹೂಡಿಕೆ" ಸಾಕು. ಮೊದಲೇ ಹೇಳಿದ್ದೆ.